ಅಕ್ಕಪಕ್ಕ ನೋಡಿ ಹೆಸರಿಡಿ: ಫೋಟೊದಲ್ಲಿರುವ ಅಣುಚಿತ್ರವನ್ನು ಓದುವ ಬಗೆ

ಇವತ್ತು ನಾನು ಒಂದೇ ಒಂದು ಫೋಟೊ ತಂದಿದ್ದೇನೆ. ಒಬ್ಬ ವಿದ್ಯಾರ್ಥಿನಿ ತನ್ನ ಪಠ್ಯಪುಸ್ತಕದ ಪುಟವನ್ನು ಮೊಬೈಲಿನಲ್ಲಿ ತೆಗೆದು ನನಗೆ ಕಳಿಸಿದ್ದು. ಪುಟದ ಮಧ್ಯದಲ್ಲಿ ಒಂದು ಅಣುವಿನ ಚಿತ್ರ ಇದೆ. ಅದರ ಕೆಳಗೆ ಆಸ್ಪರ್ಟೇಮ್ ಅಂತ ಹೆಸರು, ಪಕ್ಕದಲ್ಲಿ C₁₄H₁₈N₂O₅ ಅಂತ ಅಣುಸೂತ್ರ. ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ ಇರುವ ವಸ್ತು ಇದು. ಫೋಟೊ ಜೊತೆಗೆ ಅವಳು ಒಂದು ಪಟ್ಟಿ ಬರೆದಿದ್ದಳು: ಕೀಟೋನ್ ಮೂರು, ಆಲ್ಕೋಹಾಲ್ ಒಂದು, ಈಥರ್ ಒಂದು, ಅಮೀನ್ ಎರಡು, ಬೆಂಜೀನ್ ಉಂಗುರ ಒಂದು. ಕೊನೆಗೆ, "ಸರಿ ಇದೆಯಾ ಮೇಡಂ?"

ಈ ಪಟ್ಟಿಯಲ್ಲಿ ಉಂಗುರ ಸರಿ. ಎರಡು ಅಮೀನ್‌ಗಳಲ್ಲಿ ಒಂದು ಸರಿ. ಉಳಿದ ಎಲ್ಲವೂ ತಪ್ಪು. ಆದರೆ ಗಮನಿಸಿ, ಅವಳು ಇಲ್ಲದ್ದನ್ನು ಏನೂ ಬರೆದಿಲ್ಲ. ಕಾರ್ಬನ್‌ಗೆ ಎರಡು ಗೆರೆಯಲ್ಲಿ ಅಂಟಿದ ಆಕ್ಸಿಜನ್ ನಿಜಕ್ಕೂ ಮೂರು ಕಡೆ ಇದೆ. ಒಂದು OH ಇದೆ. ಎರಡು ಕಾರ್ಬನ್ ನಡುವೆ ಕೂತ ಆಕ್ಸಿಜನ್ ಒಂದಿದೆ. ನೈಟ್ರೋಜನ್ ಎರಡಿವೆ. ಕಣ್ಣಿಗೆ ಬಿದ್ದದ್ದೆಲ್ಲ ಸರಿಯಾಗಿಯೇ ಬಿದ್ದಿದೆ. ಅವಳು ಪ್ರತಿ ತುಂಡನ್ನೂ ಬೇರೆ ಬೇರೆ ನೋಡಿ ಹೆಸರಿಟ್ಟಳು, ತಪ್ಪಾಗಿದ್ದು ಅಲ್ಲಿ. ಈ ತಪ್ಪನ್ನು ನಾನು ವರ್ಷ ವರ್ಷ ನೋಡುತ್ತೇನೆ. ತುಂಬ ಚೆನ್ನಾಗಿ ಓದುವ ಮಕ್ಕಳೂ ಮಾಡುತ್ತಾರೆ. ಅದಕ್ಕೇ ಇವತ್ತು ಈ ಒಂದು ಚಿತ್ರದ ಮೇಲೆಯೇ ಕೂರೋಣ.

ಮೊದಲು ಚಿತ್ರವನ್ನು ಓದಿಕೊಳ್ಳೋಣ. ಇಂಥ ಚಿತ್ರದಲ್ಲಿ ಕಾರ್ಬನ್‌ಗೆ ಅಕ್ಷರ ಹಾಕುವುದಿಲ್ಲ. ಅಂಕುಡೊಂಕು ಗೆರೆ ಎಲ್ಲಿ ತಿರುಗುತ್ತದೋ ಅಲ್ಲೊಂದು ಕಾರ್ಬನ್. ಗೆರೆ ಎಲ್ಲಿ ಸುಮ್ನೆ ನಿಲ್ಲುತ್ತದೋ ಅಲ್ಲೂ ಒಂದು ಕಾರ್ಬನ್. ಕಾರ್ಬನ್ ಮೇಲಿರುವ ಹೈಡ್ರೋಜನ್‌ಗಳನ್ನೂ ಬರೆಯುವುದಿಲ್ಲ. ಕಾರ್ಬನ್‌ಗೆ ನಾಲ್ಕು ಬಂಧ ಬೇಕು, ಕಾಣುವ ಗೆರೆ ಎಣಿಸಿ, ನಾಲ್ಕಕ್ಕೆ ಎಷ್ಟು ಕಡಿಮೆಯೋ ಅಷ್ಟು ಹೈಡ್ರೋಜನ್ ಇದೆ ಅಂತ ತಿಳಿಯಬೇಕು. ಆದರೆ ಆಕ್ಸಿಜನ್, ನೈಟ್ರೋಜನ್ ಮೇಲಿನ ಹೈಡ್ರೋಜನ್‌ಗಳನ್ನು ಮಾತ್ರ ಬರೆದೇ ಬರೆಯುತ್ತಾರೆ. ಈ ಕೊನೆಯ ಮಾತು ನೆನಪಿರಲಿ, ಫೋಟೊ ಮಸುಕಾದಾಗ ಇದೇ ನಮಗೆ ಆಸರೆ.

ಈಗ ಎಡಗಡೆಯಿಂದ ಬೆರಳಿಟ್ಟು ಹೋಗೋಣ. ಕಾಗದ ಇದ್ದವರು ಜೊತೆಗೆ ಬಿಡಿಸಿಕೊಳ್ಳಿ. ಮೊದಲು HO ಅಂತ ಅಕ್ಷರ. ಅಲ್ಲಿಂದ ಒಂದು ಗೆರೆ ಬಂದು ಒಂದು ಮೂಲೆ, ಆ ಮೂಲೆಗೆ ಜೋಡಿ ಗೆರೆಯಲ್ಲಿ ಒಂದು O. ಮುಂದಿನ ಮೂಲೆಯಲ್ಲಿ ಏನೂ ಇಲ್ಲ. ಅದರ ಮುಂದಿನ ಮೂಲೆಗೆ NH₂. ಮತ್ತೊಂದು ಮೂಲೆ, ಅಲ್ಲಿ ಜೋಡಿ ಗೆರೆಯ O. ಆಮೇಲೆ ಸರಪಳಿಯೊಳಗೇ ಕೂತ NH. ಅದು ದಾಟಿದರೆ ಒಂದು ಮೂಲೆ, ಅಲ್ಲಿಂದ ಒಂದು ಕವಲು ಹೊರಟು, ಒಂದು ತಿರುವು ದಾಟಿ ಬೆಂಜೀನ್ ಉಂಗುರಕ್ಕೆ ಸೇರುತ್ತದೆ. ಮತ್ತೆ ಸರಪಳಿಗೆ ಬಂದರೆ ಇನ್ನೊಂದು ಮೂಲೆ, ಅಲ್ಲಿ ಮೂರನೇ ಜೋಡಿ ಗೆರೆಯ O. ಅದರ ಪಕ್ಕ ಒಂಟಿ ಗೆರೆಯಲ್ಲಿ ಒಂದು O. ಆ O ದಾಟಿ ಒಂದು ಚಿಕ್ಕ ಗೆರೆ, ಅಷ್ಟೇ, ಮುಗಿಯಿತು. ಆ ಚಿಕ್ಕ ಗೆರೆಯ ತುದಿಯಲ್ಲಿ ಒಂದು CH₃ ಇದೆ. ಇದನ್ನೇ ಸಾಲಾಗಿ ಬರೆದರೆ ಹೀಗೆ:

```
HOOC–CH2–CH(NH2)–CO–NH–CH(CH2C6H5)–CO–OCH3
```

ನಾನು ಮಕ್ಕಳಿಗೆ ಹೇಳುವುದು ಇಷ್ಟೇ: ಮೊದಲು ಜೋಡಿ ಗೆರೆಯ O ಹುಡುಕಿ. ಅಂದರೆ C=O. ಅದರ ಕಾರ್ಬನ್ ಮೇಲೆ ಬೆರಳಿಡಿ. ಆ ಕಾರ್ಬನ್‌ಗೆ ಆಕ್ಸಿಜನ್ ಬಿಟ್ಟರೆ ಇನ್ನೂ ಎರಡು ಕೈ ಇವೆ ಅಲ್ವಾ? ಆ ಎರಡು ಕೈ ಯಾರನ್ನು ಹಿಡಿದಿವೆ ನೋಡಿ. ಎರಡೂ ಕೈಯಲ್ಲಿ ಕಾರ್ಬನ್ ಇದ್ದರೆ ಕೀಟೋನ್. ಒಂದರಲ್ಲಿ ಹೈಡ್ರೋಜನ್ ಇದ್ದರೆ ಆಲ್ಡಿಹೈಡ್. OH ಇದ್ದರೆ ಕಾರ್ಬಾಕ್ಸಿಲಿಕ್ ಆಸಿಡ್. ಒಂದು O ಇದ್ದು ಅದರಾಚೆ ಕಾರ್ಬನ್ ಇದ್ದರೆ ಎಸ್ಟರ್. ನೈಟ್ರೋಜನ್ ಇದ್ದರೆ ಅಮೈಡ್. C=O ತಾನಾಗಿ ಯಾವ ಹೆಸರನ್ನೂ ಕೊಡುವುದಿಲ್ಲ, ಪಕ್ಕದವರು ಯಾರು ಅನ್ನುವುದು ಹೆಸರು ಕೊಡುತ್ತದೆ.

ಹಾಗೆ ನೋಡಿದರೆ ಎಡಗಡೆಯ ಮೊದಲ C=O ಒಂದು ಕೈಯಲ್ಲಿ ಕಾರ್ಬನ್, ಇನ್ನೊಂದರಲ್ಲಿ OH ಹಿಡಿದಿದೆ. ಹಾಗಾಗಿ ಅದು ಆಸಿಡ್. ಮಧ್ಯದ್ದು ಒಂದು ಕಡೆ ಕಾರ್ಬನ್, ಇನ್ನೊಂದು ಕಡೆ NH. ಅಮೈಡ್. ಬಲಗಡೆಯದು ಒಂದು ಕಡೆ ಕಾರ್ಬನ್, ಇನ್ನೊಂದು ಕಡೆ O, ಅದರಾಚೆ CH₃. ಎಸ್ಟರ್, ಮೀಥೈಲ್ ಎಸ್ಟರ್. ಮೂರು C=O, ಮೂರಕ್ಕೂ ಬೇರೆ ಬೇರೆ ಹೆಸರು, ಕೀಟೋನ್ ಒಂದೂ ಇಲ್ಲ.

ಇಲ್ಲಿ ಪೆನ್ಸಿಲ್ ತಗೊಂಡು ಒಂದು ಕೆಲಸ ಮಾಡಿ. ಹೆಸರಿಟ್ಟ ಗುಂಪಿನ ಎಲ್ಲ ಪರಮಾಣುಗಳನ್ನೂ ಸೇರಿಸಿ ಸುತ್ತು ಹಾಕಿ. ಆಸಿಡ್‌ನ ಸುತ್ತಿನೊಳಗೆ ಆ OH ಬಂತು. ಎಸ್ಟರ್‌ನ ಸುತ್ತಿನೊಳಗೆ ಆ ಒಂಟಿ ಗೆರೆಯ O ಬಂತು. ಅಮೈಡ್‌ನ ಸುತ್ತಿನೊಳಗೆ NH ಬಂತು. ಒಮ್ಮೆ ಸುತ್ತಿನೊಳಗೆ ಹೋದದ್ದನ್ನು ಮತ್ತೆ ಲೆಕ್ಕಕ್ಕೆ ತಗೋಬೇಡಿ. ಈಗ ಹೊರಗೆ ಏನು ಉಳಿಯಿತು? NH₂ ಒಂದು, ಬೆಂಜೀನ್ ಉಂಗುರ ಒಂದು. NH₂ ಕೂತಿರುವ ಕಾರ್ಬನ್‌ಗೆ ಜೋಡಿ ಗೆರೆಯ O ಇಲ್ಲ, ಹಾಗಾಗಿ ಅದು ನಿಜವಾದ ಅಮೀನ್. ನೈಟ್ರೋಜನ್‌ಗೆ ಒಂದೇ ಕಾರ್ಬನ್ ಅಂಟಿದೆ, ಆದ್ದರಿಂದ ಪ್ರೈಮರಿ ಅಮೀನ್. ಆಲ್ಕೋಹಾಲ್ ಹೋಯಿತು, ಈಥರ್ ಹೋಯಿತು, ಎರಡನೇ ಅಮೀನೂ ಹೋಯಿತು.

ಯಾರೋ ಕೇಳಬಹುದು, OH ಇರುವಾಗ ಆಲ್ಕೋಹಾಲ್ ಅಂದರೆ ಏನು ತೊಂದರೆ, ಹೆಸರಿನಲ್ಲಿ ಏನಿದೆ ಅಂತ. ಈ ಪ್ರಶ್ನೆಯನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ಗುಂಪಿಗೆ ಹೆಸರಿಡುವುದು ಅದು ಹೇಗೆ ನಡೆದುಕೊಳ್ಳುತ್ತದೆ ಅಂತ ಹೇಳುವುದಕ್ಕೆ. ಎಥನಾಲ್‌ನ pKa ಸುಮಾರು 16. ಅಸೆಟಿಕ್ ಆಸಿಡ್‌ನದು 4.76. ಎರಡರಲ್ಲೂ ಇರುವುದು OH ಅನ್ನುವ ಅದೇ ಎರಡು ಅಕ್ಷರ. pKa ಒಂದು ಅಂಕ ಇಳಿದರೆ ಆಮ್ಲತೆ ಹತ್ತು ಪಟ್ಟು ಏರುತ್ತದೆ. ಹನ್ನೊಂದು ಅಂಕ ಇಳಿದರೆ ಹತ್ತನ್ನು ಹನ್ನೊಂದು ಸಲ ಗುಣಿಸಬೇಕು. ಪಕ್ಕದಲ್ಲಿ ಒಂದು C=O ಬಂದು ಕೂತದ್ದಕ್ಕೆ ಇಷ್ಟು ವ್ಯತ್ಯಾಸ. H ಬಿಟ್ಟು ಹೋದ ಮೇಲೆ ಉಳಿಯುವ ಋಣ ಚಾರ್ಜನ್ನು ಎರಡು ಆಕ್ಸಿಜನ್‌ಗಳು ಹಂಚಿಕೊಳ್ಳುತ್ತವೆ. ಆಲ್ಕೋಹಾಲ್‌ನಲ್ಲಿ ಆ ಭಾರ ಒಂದೇ ಆಕ್ಸಿಜನ್ ಮೇಲೆ ಬೀಳುತ್ತದೆ.

ನೈಟ್ರೋಜನ್ ಕಥೆಯೂ ಹಾಗೇ. ಅಮೀನ್‌ನ ನೈಟ್ರೋಜನ್ ಹತ್ತಿರ ಒಂದು ಜೊತೆ ಎಲೆಕ್ಟ್ರಾನ್ ಖಾಲಿ ಕೂತಿರುತ್ತದೆ. ಆಸಿಡ್ ಕಂಡರೆ ಅದರ H⁺ ಅನ್ನು ಹಿಡಿದುಕೊಳ್ಳುತ್ತದೆ. ಅದಕ್ಕೇ ಅದು ಬೇಸ್. ಅಮೈಡ್‌ನ ನೈಟ್ರೋಜನ್ ಹತ್ತಿರವೂ ಆ ಜೊತೆ ಇದೆ, ಆದರೆ ಪಕ್ಕದ C=O ಅದನ್ನು ತನ್ನ ಕಡೆ ಎಳೆದುಕೊಂಡಿರುತ್ತದೆ. ಹಾಗಾಗಿ ಅದು H⁺ ಹಿಡಿಯಲು ಸಿದ್ಧ ಇಲ್ಲ. ಆಸ್ಪರ್ಟೇಮ್ ಅನ್ನು ನೀರಿಗೆ ಹಾಕಿ ಸ್ವಲ್ಪ ಆಸಿಡ್ ಸೇರಿಸಿದರೆ NH₂ ಹೋಗಿ NH₃⁺ ಆಗುತ್ತದೆ, ಮಧ್ಯದ NH ಹಾಗೇ ಇರುತ್ತದೆ. ಕೆಲವು ಪುಸ್ತಕಗಳಲ್ಲಿ ಇದೇ ಅಣುವನ್ನು ಒಂದು ಕಡೆ H₃N⁺, ಇನ್ನೊಂದು ಕಡೆ COO⁻ ಹಾಕಿ ಬಿಡಿಸಿರುತ್ತಾರೆ. ಗಾಬರಿಯಾಗಬೇಡಿ. ಆಸಿಡ್ ತನ್ನ H ಅನ್ನು ಅಮೀನ್‌ಗೆ ಕೊಟ್ಟಿದೆ, ಅಷ್ಟೇ. ಹಾಗೇ ಪ್ರೋಟೀನ್ ಪಾಠದಲ್ಲಿ ಪೆಪ್ಟೈಡ್ ಬಂಧ ಅಂತ ಓದಿರುತ್ತೀರಲ್ಲ, ಅದು ಈ ಮಧ್ಯದ ಅಮೈಡೇ. ಆಸ್ಪರ್ಟಿಕ್ ಆಸಿಡ್ ಮತ್ತು ಫಿನೈಲ್‌ಅಲನಿನ್ ಅನ್ನುವ ಎರಡು ಅಮೈನೋ ಆಸಿಡ್‌ಗಳು ಅಲ್ಲಿ ಕೈ ಹಿಡಿದಿವೆ.

ಇನ್ನು ಫೋಟೊ ವಿಚಾರಕ್ಕೆ ಬರುತ್ತೇನೆ. ಪುಸ್ತಕ ಕೈಯಲ್ಲಿದ್ದರೆ ಇಷ್ಟಕ್ಕೆ ಮುಗಿಯುತ್ತಿತ್ತು. ಫೋಟೊದಲ್ಲಿ ಗೆರೆಗಳು ಕಳೆದುಹೋಗುತ್ತವೆ. ಮುಖ್ಯವಾಗಿ ಎರಡು ಕಡೆ. ಜೋಡಿ ಗೆರೆ ಒತ್ತಾಗಿದ್ದರೆ ಮಸುಕಿನಲ್ಲಿ ಎರಡೂ ಸೇರಿ ಒಂದು ದಪ್ಪ ಗೆರೆ ಆಗುತ್ತದೆ. ಮತ್ತೆ ಪುಸ್ತಕದ ನಡುವೆ, ಹೊಲಿಗೆ ಹತ್ತಿರ, ಪುಟ ಬಾಗಿ ಒಳಗೆ ಹೋಗುವ ಜಾಗದಲ್ಲಿ ಚಿತ್ರದ ತುದಿ ನೆರಳಿನಲ್ಲಿ ಮುಳುಗುತ್ತದೆ. ಈ ವಿದ್ಯಾರ್ಥಿನಿಯ ಫೋಟೊದಲ್ಲೇ ನೋಡಿ, ಮಧ್ಯದ C=O ಇದೆಯಲ್ಲ, ಅದನ್ನು ದೊಡ್ಡದು ಮಾಡದೆ ನೋಡಿದರೆ ಒಂಟಿ ಗೆರೆ ಅಂತಲೇ ಅನ್ನಿಸುತ್ತದೆ. ದೊಡ್ಡದು ಮಾಡಿದರೆ ನಡುವೆ ಒಂದು ಕೂದಲೆಳೆಯಷ್ಟು ಬಿಳಿ ಕಾಣುತ್ತದೆ.

ದೊಡ್ಡದು ಮಾಡಿದರೂ ಕಾಣದಿದ್ದರೆ? ಆಗ ಮೊದಲು ಹೇಳಿದ ನಿಯಮ ನೆನಪಿಸಿಕೊಳ್ಳಿ. ಆಕ್ಸಿಜನ್ ಮೇಲಿನ ಹೈಡ್ರೋಜನ್ ಅನ್ನು ಬರೆದೇ ಬರೆಯುತ್ತಾರೆ. ಆಕ್ಸಿಜನ್‌ಗೆ ಎರಡು ಬಂಧ ಬೇಕು. ಹಾಗಿದ್ದರೆ ಒಂದೇ ಗೆರೆ, ಪಕ್ಕದಲ್ಲಿ H ಇಲ್ಲ, ಮೈನಸ್ ಗುರುತೂ ಇಲ್ಲ, ಹೀಗೆ ಒಂದು ಬೆತ್ತಲೆ O ಕಂಡರೆ ಅಲ್ಲೇನೋ ಕಳೆದುಹೋಗಿದೆ ಅಂತಲೇ ಅರ್ಥ. ಸರಪಳಿಯ ಪಕ್ಕಕ್ಕೆ ಚಾಚಿಕೊಂಡ O ಆದರೆ ಬಹುತೇಕ ಎರಡನೇ ಗೆರೆ ಮಸುಕಿದೆ. ಸರಪಳಿಯ ತುದಿಯಲ್ಲಿ, ಪುಟದ ಅಂಚಿನಲ್ಲಿ ಇರುವ O ಆದರೆ ಅದರಾಚೆಯ ಗೆರೆ ಕಾಣೆಯಾಗಿದೆ. ತುಂಬ ಮಕ್ಕಳು ಇಲ್ಲಿ ತಾವೇ ಒಂದು H ಸೇರಿಸಿ ಓದಿಬಿಡುತ್ತಾರೆ. ಹಾಗೆ ಮಾಡಬೇಡಿ. ಬಲತುದಿಯ ಆ O ದಾಟಿದ ಚಿಕ್ಕ ಗೆರೆ ನೆರಳಿನಲ್ಲಿ ಹೋಗಿ, ನೀವು H ಸೇರಿಸಿದಿರಿ ಅಂದುಕೊಳ್ಳಿ. ಎಸ್ಟರ್ ಹೋಗಿ ಎರಡನೇ ಆಸಿಡ್ ಆಯಿತು. ಗುಂಪು ಬದಲಾಯಿತು, ವಸ್ತುವೇ ಬದಲಾಯಿತು. ಆ ಮೀಥೈಲ್ ಇಲ್ಲದ ವಸ್ತುವಿಗೆ ಆಸ್ಪರ್ಟೇಮ್‌ನ ಸಿಹಿ ಇಲ್ಲ.

ಇಂಥ ಕಡೆ ಕಣ್ಣನ್ನೇ ನಂಬಬೇಕಾಗಿಲ್ಲ, ಲೆಕ್ಕ ಇದೆ. ಪಕ್ಕದಲ್ಲಿ ಅಣುಸೂತ್ರ ಕೊಟ್ಟಿದ್ದಾರಲ್ಲ, ಅದನ್ನು ಬಳಸೋಣ. ಫೋಟೊ ತೆಗೆಯುವಾಗ ಚಿತ್ರದ ಜೊತೆ ಆ ಸೂತ್ರವೂ ಬರುವ ಹಾಗೆ ತೆಗೆಯಿರಿ ಅಂತ ನಾನು ಹಟ ಹಿಡಿದು ಹೇಳುವುದು ಇದಕ್ಕೇ. ಉಂಗುರ ಇಲ್ಲದ, ಜೋಡಿ ಗೆರೆ ಇಲ್ಲದ ಅಣುವಿನಲ್ಲಿ ಹೈಡ್ರೋಜನ್ ಎಷ್ಟು ಇರಬಹುದು? ಕಾರ್ಬನ್ ಸಂಖ್ಯೆಯ ಎರಡರಷ್ಟು, ಮೇಲೆ ಎರಡು. ಪ್ರತಿ ನೈಟ್ರೋಜನ್‌ಗೆ ಇನ್ನೊಂದು ಸೇರಿಸಿ. ಆಕ್ಸಿಜನ್ ಈ ಲೆಕ್ಕಕ್ಕೆ ಬರುವುದಿಲ್ಲ, ಯಾಕೆಂದರೆ ಅದಕ್ಕೆ ಇರುವುದು ಎರಡೇ ಕೈ, ಅದು ನಡುವೆ ನುಗ್ಗಿದರೂ ಹೈಡ್ರೋಜನ್ ಸಂಖ್ಯೆ ಹಾಗೇ ಇರುತ್ತದೆ. ನಮ್ಮ ಅಣುವಿಗೆ 14ರ ಎರಡರಷ್ಟು 28, ಎರಡು ಸೇರಿದರೆ 30, ಎರಡು ನೈಟ್ರೋಜನ್‌ಗೆ ಎರಡು ಸೇರಿದರೆ 32. ಇರುವುದು 18. ಕೊರತೆ 14. ಒಂದು ಜೋಡಿ ಗೆರೆ ಅಥವಾ ಒಂದು ಉಂಗುರ ಬಂದಾಗಲೆಲ್ಲ ಎರಡು ಹೈಡ್ರೋಜನ್ ಕಮ್ಮಿ ಆಗುತ್ತವೆ. ಹಾಗಾಗಿ 14ರ ಅರ್ಧ, 7. ಜೋಡಿ ಗೆರೆ ಮತ್ತು ಉಂಗುರ ಎಲ್ಲ ಸೇರಿ ಈ ಚಿತ್ರದಲ್ಲಿ ಏಳು ಇರಲೇಬೇಕು.

ಈಗ ಚಿತ್ರದಲ್ಲಿ ಎಣಿಸಿ. ಬೆಂಜೀನ್‌ನಲ್ಲಿ ಮೂರು ಜೋಡಿ ಗೆರೆ, ಉಂಗುರ ತಾನೇ ಒಂದು, ಒಟ್ಟು ನಾಲ್ಕು. ಒಳಗೆ ವೃತ್ತ ಹಾಕಿ ಬಿಡಿಸಿದ್ದರೂ ನಾಲ್ಕೇ. C=O ಮೂರು. ನಾಲ್ಕು ಮತ್ತು ಮೂರು ಏಳು. ಸರಿಹೋಯಿತು. ಮಧ್ಯದ C=O ಅನ್ನು ಒಂಟಿ ಗೆರೆ ಅಂತ ಓದಿದ್ದರೆ ಆರೇ ಸಿಗುತ್ತಿತ್ತು. ಅಲ್ಲಿಗೆ H ಸೇರಿಸಿ ಆಲ್ಕೋಹಾಲ್ ಅಂತ ಓದಿದ್ದರೆ ಸೂತ್ರ C₁₄H₂₀N₂O₅ ಆಗುತ್ತಿತ್ತು. ಎರಡು ಹೈಡ್ರೋಜನ್ ಜಾಸ್ತಿ, ತಕ್ಷಣ ಗೊತ್ತಾಗುತ್ತದೆ. ಇನ್ನೊಂದು ಸುಳಿವೂ ಇದೆ. ಹಾಗೆ ಓದಿದಾಗ ಒಂದೇ ಕಾರ್ಬನ್ ಮೇಲೆ OH ಮತ್ತು NH ಎರಡೂ ಬಂದು ಕೂರುತ್ತವೆ. ಅಂಥ ಜೋಡಣೆ ಸಾಮಾನ್ಯವಾಗಿ ನಿಲ್ಲುವುದಿಲ್ಲ, ನೀರು ಕಳಚಿಕೊಂಡೋ ಒಡೆದುಕೊಂಡೋ ಹೋಗುತ್ತದೆ. ಪಠ್ಯಪುಸ್ತಕದ ಚಿತ್ರದಲ್ಲಿ ಹಾಗೆ ಕಂಡರೆ ಮೊದಲು ಫೋಟೊ ಮೇಲೆ ಅನುಮಾನ ಪಡಿ. ಬಲತುದಿಯ ಗೆರೆ ಕಳೆದಿದ್ದರೆ ಕಾರ್ಬನ್ ಎಣಿಸಿದಾಗಲೇ 14ರ ಬದಲು 13 ಸಿಗುತ್ತದೆ.

ಈ ಲೆಕ್ಕಕ್ಕೂ ಒಂದು ಮಿತಿ ಇದೆ, ಅದನ್ನು ಹೇಳದೆ ಹೋಗಬಾರದು. ಏನಾದರೂ ಕಳೆದಿದ್ದರೆ ಅದು ಹಿಡಿದುಕೊಡುತ್ತದೆ. ಜಾಗ ಅದಲುಬದಲಾದರೆ ಅದಕ್ಕೆ ಗೊತ್ತಾಗುವುದಿಲ್ಲ. ಆ CH₃ ಬಲಗಡೆಯ ಬದಲು ಎಡಗಡೆಯ ಆಸಿಡ್‌ಗೆ ಅಂಟಿದೆ ಅಂತ ತಪ್ಪು ಓದಿದರೂ ಸೂತ್ರ ಅದೇ, ಏಳೂ ಅದೇ, ಗುಂಪುಗಳ ಪಟ್ಟಿಯೂ ಅದೇ. ಅಣು ಮಾತ್ರ ಬೇರೆ. ಎಸ್ಟರ್ ತಿರುಗುಮುರುಗಾದರೂ ಅಷ್ಟೇ: C=O ಮೊದಲು ಬಂದು O ಆಮೇಲೆ ಬಂತೋ, O ಮೊದಲು ಬಂದು C=O ಆಮೇಲೆ ಬಂತೋ, ಸೂತ್ರ ಹೇಳುವುದಿಲ್ಲ. ಅದನ್ನು ಬೆರಳಿಟ್ಟೇ ನೋಡಬೇಕು.

ಚಿತ್ರದಲ್ಲಿ ಎರಡು ಕಡೆ ಬೆಣೆಯ ಹಾಗೆ ದಪ್ಪವಾಗುತ್ತಾ ಹೋಗುವ ಗೆರೆ, ತುಂಡು ತುಂಡಾದ ಗೆರೆ ಕಾಣಬಹುದು. ಅದು ಗುಂಪು ಕಾಗದದಿಂದ ನಿಮ್ಮ ಕಡೆಗೆ ಬಂದಿದೆಯೋ ಆಚೆಗೆ ಹೋಗಿದೆಯೋ ಅಂತ ತೋರಿಸುವ ಗುರುತು. ಗುಂಪಿನ ಹೆಸರಿಗೆ ಅದು ಲೆಕ್ಕಕ್ಕಿಲ್ಲ. ಆದರೆ ತುಂಡು ಗೆರೆ ಮಸುಕಿನಲ್ಲಿ ಪೂರ್ತಿ ಮಾಯವಾಗಬಹುದು. ಆಗ NH₂ ಅಕ್ಷರ ಯಾವುದಕ್ಕೂ ಅಂಟದೆ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ಹತ್ತಿರದ ಮೂಲೆಗೆ ಸೇರಿಸಿ ಓದಿ. ಹೆಸರಿಗೆ ಬೇಡವಾದರೂ ನಾಲಿಗೆಗೆ ಇದು ಬೇಕು: ಆಸ್ಪರ್ಟೇಮ್‌ನ ಇಂಥ ಗೆರೆ ಹೊರಡುವ ಎರಡು ಕಾರ್ಬನ್‌ಗಳಿಗೂ ಒಂದಕ್ಕೊಂದು ಕನ್ನಡಿ ಬಿಂಬದಂಥ L, D ಅನ್ನುವ ಎರಡು ರೂಪ ಸಾಧ್ಯ, ಎರಡೂ L ಆದರೆ ಸಿಹಿ, ಫಿನೈಲ್‌ಅಲನಿನ್ ಕಡೆಯದು D ಆದರೆ ಕಹಿ.

ಈ ಸಿಹಿ ಪತ್ತೆಯಾದದ್ದೂ ಆಕಸ್ಮಿಕ. 1965ರಲ್ಲಿ ಸರ್ಲ್ ಕಂಪನಿಯ ಜೇಮ್ಸ್ ಶ್ಲಾಟರ್ ಹೊಟ್ಟೆಹುಣ್ಣಿನ ಔಷಧಿಗಾಗಿ ಇಂಥ ಅಣುಗಳನ್ನು ಮಾಡುತ್ತಿದ್ದರು. ಕಾಗದ ತೆಗೆಯಲು ಬೆರಳು ನೆಕ್ಕಿದಾಗ ಸಿಹಿ ಸಿಕ್ಕಿತು. ಪ್ರಯೋಗಾಲಯದಲ್ಲಿ ನೀವು ಯಾವತ್ತೂ ಹಾಗೆ ಮಾಡಬೇಡಿ.

ಕೊನೆಗೆ, ಅದೇ ಫೋಟೊದ ಕೆಳಗಿರುವ ಎರಡನೇ ಚಿತ್ರ ನೋಡೋಣ. ಆಸ್ಪರ್ಟೇಮ್ ಅನ್ನು ಬಿಸಿ ಮಾಡಿದರೆ, ಅಥವಾ ನೀರಿನಲ್ಲಿ ತುಂಬ ದಿನ ಇಟ್ಟರೆ ಸಿಹಿ ಕಮ್ಮಿಯಾಗುತ್ತದೆ. ಯಾಕೆ ಅಂತ ನಾವು ಹೆಸರಿಟ್ಟ ಗುಂಪುಗಳೇ ಹೇಳುತ್ತವೆ. ಅಮೀನ್‌ನ ನೈಟ್ರೋಜನ್ ಹತ್ತಿರ ಖಾಲಿ ಎಲೆಕ್ಟ್ರಾನ್ ಜೊತೆ ಇದೆ ಅಂದೆವಲ್ಲ. ಆ ನೈಟ್ರೋಜನ್ ಸರಪಳಿ ಬಾಗಿಸಿಕೊಂಡು ಬಂದು ಬಲಗಡೆಯ ಎಸ್ಟರ್‌ನ C=O ಕಾರ್ಬನ್ ಅನ್ನು ಹಿಡಿಯುತ್ತದೆ. OCH₃ ಕಳಚಿ ಮೆಥನಾಲ್ ಆಗಿ ಹೊರಗೆ ಹೋಗುತ್ತದೆ. ಆರು ಮೂಲೆಯ ಹೊಸ ಉಂಗುರ ಮುಚ್ಚಿಕೊಳ್ಳುತ್ತದೆ. ಈ ತರಹದ ಉಂಗುರಕ್ಕೆ ಡೈಕೀಟೋಪಿಪರಜೀನ್ ಅನ್ನುತ್ತಾರೆ. ಹೆಸರಿನಲ್ಲಿ ಕೀಟೋ ಅಂತ ಇದೆ, ನೋಡಿ ಮೋಸಹೋಗಬೇಡಿ. ಬೆರಳಿಡಿ. ಉಂಗುರದಲ್ಲಿರುವ ಎರಡು C=O ಒಂದೊಂದು ಕೈಯಲ್ಲಿ ಒಂದೊಂದು NH ಹಿಡಿದಿವೆ. ಎರಡೂ ಅಮೈಡ್. ಅಮೀನ್ ಇಲ್ಲ, ಎಸ್ಟರ್ ಇಲ್ಲ. ಪಕ್ಕದ ಕವಲಿನಲ್ಲಿ COOH ಹಾಗೇ ಉಳಿದಿದೆ, ಬೆಂಜೀನ್ ಉಂಗುರವೂ ಉಳಿದಿದೆ. ಸೂತ್ರ C₁₃H₁₄N₂O₄, ಲೆಕ್ಕ ಹಾಕಿದರೆ ಎಂಟು: ಮೊದಲಿನ ಏಳು, ಮೇಲೆ ಹೊಸ ಉಂಗುರ ಒಂದು. ಈ ಅಣು ಸಿಹಿ ಇಲ್ಲ.